ಗಂಟೆ ಬಾರಿಸುವ ಮೊದಲು ಎದುರಾಳಿಗೆ ಉತ್ತರ ಸಿಕ್ಕಿತೇ?

ಶಾಲೆಯ ಚರ್ಚಾಸ್ಪರ್ಧೆಯಲ್ಲಿ ತೀರ್ಪುಗಾರರನ್ನು ಸುಲಭವಾಗಿ ಮರುಳು ಮಾಡುವುದು ಒಳ್ಳೆಯ ಕಂಠ. ಅದರಿಂದ ತಪ್ಪಿಸಿಕೊಳ್ಳಲು ಒಂದು ಹಾಳೆ ಸಾಕು. ನಡುವೆ ಗೆರೆ ಎಳೆದು, ಎಡಕ್ಕೆ ಪರ ವಹಿಸಿದವರ ವಾದಗಳನ್ನೂ ಬಲಕ್ಕೆ ವಿರೋಧಿಸಿದವರ ಉತ್ತರಗಳನ್ನೂ ಬರೆದುಕೊಳ್ಳಬೇಕು. ಉತ್ತರ ಬಂದ ವಾದಕ್ಕೆ ಬಾಣದ ಗುರುತು ಹಾಕುತ್ತ, ಅಂಚಿನಲ್ಲಿ ಗಡಿಯಾರದ ಸಮಯವನ್ನೂ ಗುರುತಿಸುತ್ತ ಹೋಗಬೇಕು.

ಒಂದು ಭಾಷಣವನ್ನು ಕಲ್ಪಿಸಿಕೊಳ್ಳೋಣ. ವಿಷಯ, ‘ಪಿಯುಸಿವರೆಗೂ ತರಗತಿಯಲ್ಲಿ ಮೊಬೈಲ್ ನಿಷೇಧಿಸಬೇಕು’. ಒಬ್ಬೊಬ್ಬರಿಗೆ 4 ನಿಮಿಷ. ಮೂರಕ್ಕೆ ಎಚ್ಚರಿಕೆ ಗಂಟೆ. ಪರ ಮಾತಾಡಿದ ಹುಡುಗ ಎರಡು ವಾದ ಹೂಡಿದ್ದಾನೆ. ಒಂದು, ಮೊಬೈಲಿನಿಂದ ಗಮನ ಚದುರುತ್ತದೆ. ಇನ್ನೊಂದು, 2018ರಲ್ಲೇ ಫ್ರಾನ್ಸ್ ಕಾನೂನು ಮಾಡಿ ಶಾಲೆಗಳಲ್ಲಿ ಮೊಬೈಲ್ ಬಳಕೆ ನಿಷೇಧಿಸಿದೆ.

ವಿರೋಧಿಸಲು ಬಂದ ಹುಡುಗಿ ವೇದಿಕೆಯ ಗಣ್ಯರಿಗೆಲ್ಲ ವಂದಿಸಿ, ಒಂದು ವಚನ ಹೇಳಿ ಮುಗಿಸುವಷ್ಟರಲ್ಲಿ 50 ಸೆಕೆಂಡು ಕಳೆದಿದೆ. ಸಿಕ್ಕ ಸಮಯದ ಐದನೇ ಒಂದು ಭಾಗಕ್ಕಿಂತ ಹೆಚ್ಚು! ನಮ್ಮ ಶಾಲೆಗಳು ಇದನ್ನು ಶಿಸ್ತು ಎಂದೇ ಕಲಿಸುತ್ತವೆ. ಆದರೆ ಹಾಳೆಯ ಬಲಭಾಗ ಇನ್ನೂ ಖಾಲಿ.

ಆಮೇಲೆ ಆಕೆ ಫ್ರಾನ್ಸಿನ ಮಾತೆತ್ತುತ್ತಾಳೆ. ‘ಕಾನೂನು ಇರುವುದು ನಿಜ. ಆದರೆ ಅದು ಕಡ್ಡಾಯ ಮಾಡಿದ್ದು ಸುಮಾರು ಹದಿನೈದು ವರ್ಷದವರೆಗಿನ ಮಕ್ಕಳ ಶಾಲೆಗಳಿಗೆ. ಮುಂದಿನ ತರಗತಿಗಳ ನಿರ್ಧಾರ ಆಯಾ ಶಾಲೆಗೇ ಬಿಟ್ಟದ್ದು. ಹಾಗಾದರೆ ಈ ಉದಾಹರಣೆ ಪಿಯುಸಿಗೆ ಹೇಗೆ ಅನ್ವಯಿಸುತ್ತದೆ?’ ಹೆಚ್ಚೆಂದರೆ 25 ಸೆಕೆಂಡಿನ ಮಾತು. ಎದುರಾಳಿಯ ಆಧಾರವನ್ನು ಒಪ್ಪಿಕೊಂಡೇ ಅದರ ಮಿತಿಯನ್ನು ತೋರಿಸಿ, ವಿಷಯಕ್ಕೆ ತಂದು ಜೋಡಿಸಿದಳು. ಖಂಡನೆಗೆ ಹೆಚ್ಚಿನ ಅಂಕ ಕೊಡಬೇಕಾದದ್ದು ಇಲ್ಲಿ. ‘ನನ್ನ ಎದುರಾಳಿಯ ಮಾತು ಹಾಸ್ಯಾಸ್ಪದ’ ಎಂದು ಗುಡುಗಿದ್ದರೆ ಚಪ್ಪಾಳೆ ಬೀಳುತ್ತಿತ್ತು, ಬಾಣ ಬೀಳುತ್ತಿರಲಿಲ್ಲ.

ಮುಂದಿನದು ಅಷ್ಟು ಗಟ್ಟಿಯಿಲ್ಲ. ಯುನೆಸ್ಕೊದ 2023ರ ವರದಿಯನ್ನು ಹೆಸರಿಸಿ, ಶಾಲೆಗಳಲ್ಲಿ ಸ್ಮಾರ್ಟ್‌ಫೋನ್ ನಿಷೇಧಿಸಿದ ದೇಶಗಳು ಆಗ ಕಾಲುಭಾಗಕ್ಕಿಂತ ಕಡಿಮೆ ಇದ್ದವು ಎನ್ನುತ್ತಾಳೆ. ಅಂಕಿ ಸರಿ, ಮೂಲವನ್ನೂ ಹೇಳಿದ್ದಾಳೆ. ಆದರೆ ಆಗ ಹೆಚ್ಚು ದೇಶಗಳು ನಿಷೇಧಿಸಿರಲಿಲ್ಲ ಎಂದಮಾತ್ರಕ್ಕೆ ನಿಷೇಧ ತಪ್ಪೆಂದು ಸಾಬೀತಾಗದು. ಮೇಲಾಗಿ ಅದೇ ವರದಿ ಮೊಬೈಲಿನಿಂದ ಗಮನ ಕೆಡುವುದನ್ನೂ ಹೇಳಿದೆ. ಆಧಾರಕ್ಕೆ ಅರ್ಧ ಅಂಕ.

ಗಮನ ಚದುರುವ ವಾದವನ್ನು ಆಕೆ ಮುಟ್ಟಲೇ ಇಲ್ಲ. ಮೂರನೇ ನಿಮಿಷದ ಗಂಟೆ ಕೇಳಿ ಗಾಬರಿಯಾಗಿ, ಹಳ್ಳಿ ಮಕ್ಕಳ ಆನ್‌ಲೈನ್ ಪಾಠದ ಹೊಸ ವಾದ ತೆಗೆದು, ಕೊನೆಯ ಗಂಟೆಯಾದ ಮೇಲೂ ಮುಂದುವರಿಸಿದಳು. ಆ ಮಾತು ಎಷ್ಟೇ ಚೆನ್ನಾಗಿರಲಿ, ಗಂಟೆಯ ನಂತರದ್ದನ್ನು ಹಾಳೆಗೆ ಇಳಿಸುವಂತಿಲ್ಲ. ರಚನೆಯ ಅಂಕ ಕಳೆದದ್ದೂ ಇಲ್ಲಿಯೇ: ಎಚ್ಚರಿಕೆ ಗಂಟೆ ಇರುವುದು ಹೇಳಿದ್ದನ್ನು ಕಟ್ಟಿ ಮುಗಿಸಲು.

ಹತ್ತರಲ್ಲಿ ಖಂಡನೆಗೆ ಏಳು, ಆಧಾರಕ್ಕೆ ಐದು, ರಚನೆಗೆ ನಾಲ್ಕು ಕೊಡಬಹುದು. ಇದೇ ಸ್ಪರ್ಧೆಯಲ್ಲಿ ಮನೆಯಲ್ಲಿ ಬರೆಸಿಕೊಂಡ ಭಾಷಣವನ್ನು ಒಂದೂ ತಪ್ಪಿಲ್ಲದೆ ಒಪ್ಪಿಸಿದವರೂ ಇರುತ್ತಾರೆ. ಎದುರಾಳಿ ಬಾಯಿಯೇ ತೆರೆಯದಿದ್ದರೂ ಆ ಭಾಷಣ ಒಂದಕ್ಷರ ಬದಲಾಗುತ್ತಿರಲಿಲ್ಲ ಎನ್ನಿಸಿದರೆ, ಖಂಡನೆಯ ಖಾನೆಯಲ್ಲಿ ಸೊನ್ನೆ ಬರೆಯಲು ಹಿಂಜರಿಯಬೇಕಿಲ್ಲ.