ಅಸಲು ಬಂದರೂ ನಷ್ಟವೇ

ಒಂದು ರೊಟ್ಟಿ ಯಂತ್ರದ ಲೆಕ್ಕದ ಫೋಟೊ ನನ್ನ ಮುಂದಿದೆ. ಮೊದಲ ಸಾಲಿನ 1,00,000 ಕಂಸದೊಳಗಿದೆ, ಅಂದರೆ ಕೈಯಿಂದ ಹೋದ ಹಣ. ಫೋಟೊ ಮಸುಕಾಗಿ ಕಂಸ ಕಾಣದಿದ್ದರೆ ಕೆಳಗಿನ ಮೊತ್ತ ನೋಡಿ: 20,000 ಎಂದಿದ್ದರೆ ಆ ಲಕ್ಷವನ್ನು ಕಳೆದೇ ಬರೆದಿದ್ದಾರೆ.

ಆಮೇಲೆ ಮೂರು ವರ್ಷ, ವರ್ಷಕ್ಕೆ 40,000 ಆದಾಯ. ಎರಡು ವರ್ಷಕ್ಕೆ 80,000 ಬಂತು, ಉಳಿದ 20,000ಕ್ಕೆ ಇನ್ನಾರು ತಿಂಗಳು. ಪೇಬ್ಯಾಕ್ ಅವಧಿ ಎರಡೂವರೆ ವರ್ಷ.

ಈಗ ನಿವ್ವಳ ಪ್ರಸ್ತುತ ಮೌಲ್ಯ. ಸಾಲದ ಬಡ್ಡಿ ಶೇ. 12 ಅನ್ನೋಣ. ಮೊದಲ ವರ್ಷದ ಹಣವನ್ನು 1.12ರಿಂದ ಒಮ್ಮೆ ಭಾಗಿಸಿ, 35,714. ಎರಡನೆಯದನ್ನು ಎರಡು ಸಲ, 31,888. ಮೂರನೆಯದನ್ನು ಮೂರು ಸಲ, 28,471. ಇವತ್ತೇ ಕೊಟ್ಟ ಲಕ್ಷವನ್ನು ಮಾತ್ರ ಭಾಗಿಸಬೇಡಿ. ಕೂಡಿದರೆ 96,073, ಲಕ್ಷಕ್ಕೆ 3,927 ಕಡಿಮೆ. ನಾನಾಗಿದ್ದರೆ ಈ ಬೆಲೆಗೆ ಯಂತ್ರ ಕೊಳ್ಳುತ್ತಿರಲಿಲ್ಲ.