ಮಲಗಿದರೆ ಹೆಚ್ಚುವ ಬೆನ್ನುನೋವು

ಅರಸೀಕೆರೆ ಕಡೆಯ ಹಳ್ಳಿಯೊಂದರಲ್ಲಿ 68 ವರ್ಷದ ಒಬ್ಬ ಅಜ್ಜಿ ಇದ್ದಾರೆ ಎಂದುಕೊಳ್ಳೋಣ. ಒಂಬತ್ತು ವರ್ಷದ ಹಿಂದೆ ಸ್ತನ ಕ್ಯಾನ್ಸರಿಗೆ ಆಪರೇಷನ್ ಆಗಿ, ಕಿಮೋ ಮುಗಿಸಿ, ಗುಣವಾಯಿತು ಎಂದು ಮನೆಗೆ ಬಂದವರು. ಈಗ ಎರಡು ತಿಂಗಳಿಂದ ಬೆನ್ನಿನ ಮೇಲ್ಭಾಗದಲ್ಲಿ, ರವಿಕೆಯ ಪಟ್ಟಿ ಕೂರುವ ಜಾಗದಲ್ಲಿ, ಬಿಡದ ನೋವು. ಹಗಲು ಹೇಗೋ ಓಡಾಡುತ್ತಾರೆ. ರಾತ್ರಿ ಮಲಗಿದ ಸ್ವಲ್ಪ ಹೊತ್ತಿಗೇ ನೋವು ಏರಿ, ಎದ್ದು ಕುರ್ಚಿಯಲ್ಲಿ ಕೂತೇ ಬೆಳಗು ಮಾಡುತ್ತಾರೆ. ತೂಕ ಆರು ಕಿಲೋ ಇಳಿದಿದೆ. ಎಕ್ಸ್-ರೇ ನೋಡಿದ ವೈದ್ಯರು ವಯಸ್ಸಿನ ಸವೆತ ಎಂದು ಗುಳಿಗೆ ಬರೆದುಕೊಟ್ಟರು. ಹಳೆಯ ಕ್ಯಾನ್ಸರಿನ ಮಾತನ್ನು ಅವರೂ ಕೇಳಲಿಲ್ಲ, ಮನೆಯವರೂ ಎತ್ತಲಿಲ್ಲ.

ಇಡೀ ಕಥೆಯಲ್ಲಿ ಮುಖ್ಯವಾಗಿದ್ದದ್ದು ಆ ಮಾತೇ. ಬೆನ್ನುನೋವಿಗೆ ಕ್ಯಾನ್ಸರ್ ಕಾರಣವಾಗುವುದು ತೀರಾ ಅಪರೂಪ. 1988ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಬೆನ್ನುನೋವೆಂದು ಬಂದ 1975 ಜನರಲ್ಲಿ 13 ಮಂದಿಗಷ್ಟೇ ಕ್ಯಾನ್ಸರ್ ಇತ್ತು. ಆದರೆ ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಈ ಸಮಾಧಾನ ಅನ್ವಯಿಸದು. ಸ್ತನ, ಪ್ರಾಸ್ಟೇಟ್, ಶ್ವಾಸಕೋಶ, ಮೂತ್ರಪಿಂಡ ಮತ್ತು ಥೈರಾಯ್ಡ್ ಕ್ಯಾನ್ಸರುಗಳು ಮೂಳೆಯಲ್ಲಿ ನೆಲೆಯೂರುವ ಸ್ವಭಾವದವು. ಸ್ತನ ಕ್ಯಾನ್ಸರಂತೂ ಹತ್ತು ವರ್ಷ ಕಳೆದ ಮೇಲೂ ಮರಳಬಲ್ಲದು.

ಬೆನ್ನೆಲುಬೇ ಏಕೆ? ಅದರ ಸುತ್ತ ಕವಾಟಗಳಿಲ್ಲದ ರಕ್ತನಾಳಗಳ ಬಲೆಯೊಂದಿದೆ. ಅಮೆರಿಕದ ಅಂಗರಚನಾ ತಜ್ಞ ಆಸ್ಕರ್ ಬ್ಯಾಟ್ಸನ್ 1940ರಲ್ಲಿ ಇದರ ಮಹತ್ವವನ್ನು ತೋರಿಸಿಕೊಟ್ಟರು. ಕೆಮ್ಮಿದಾಗ, ಮುಕ್ಕಿದಾಗ ಹೊಟ್ಟೆಯ ಒತ್ತಡ ಏರಿ ಈ ನಾಳಗಳಲ್ಲಿ ರಕ್ತ ಹಿಮ್ಮುಖವಾಗಿಯೂ ಹರಿಯುತ್ತದೆ. ಜೊತೆಗೆ ಕ್ಯಾನ್ಸರ್ ಕೋಶಗಳೂ ಬೆನ್ನೆಲುಬಿನ ಮಣಿಗಳನ್ನು ಸೇರಬಹುದು. ಮಲಗಿದಾಗ ನೋವು ಹೆಚ್ಚುವುದಕ್ಕೂ ಇದೇ ಬಲೆ ಒಂದು ಕಾರಣ ಎನ್ನುತ್ತಾರೆ. ಮಲಗಿದ ಭಂಗಿಯಲ್ಲಿ ನಾಳಗಳು ತುಂಬಿಕೊಂಡು, ಗಡ್ಡೆಯಿಂದ ಮೊದಲೇ ಇಕ್ಕಟ್ಟಾದ ಜಾಗ ಇನ್ನಷ್ಟು ಬಿಗಿಯಾಗುತ್ತದೆ. ಸಾಮಾನ್ಯ ಸೊಂಟನೋವು ಬಹುಮಟ್ಟಿಗೆ ಮಲಗಿದರೆ ತಗ್ಗುತ್ತದೆ. ಇದು ತಗ್ಗುವುದಿಲ್ಲ. ಕೆಲವರಿಗೆ ಎದೆಯ ಸುತ್ತ ಪಟ್ಟಿ ಬಿಗಿದಂತೆಯೂ ನೋಯುತ್ತದೆ.

ಅಜ್ಜಿಯ ಎಕ್ಸ್-ರೇಯಲ್ಲಿ ಏನೂ ಕಾಣದಿದ್ದುದು ಆಶ್ಚರ್ಯವಲ್ಲ. ಮಣಿಯ ಮೂಳೆ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಕರಗುವ ತನಕ ಎಕ್ಸ್-ರೇಯಲ್ಲಿ ಅದು ಗೊತ್ತಾಗುವುದೇ ಕಷ್ಟ. ಬೇಕಾದದ್ದು ಎಂಆರ್‌ಐ, ಅದೂ ನೋಯುವ ಜಾಗದ್ದಷ್ಟೇ ಅಲ್ಲ, ಕುತ್ತಿಗೆಯಿಂದ ಕೆಳಗಿನವರೆಗೆ ಇಡೀ ಬೆನ್ನೆಲುಬಿನದು. ಗಡ್ಡೆ ಒಂದಕ್ಕಿಂತ ಹೆಚ್ಚು ಕಡೆ ಇರುವುದು ಸಾಮಾನ್ಯ. ಫಲಿತಾಂಶ ಬರುವ ತನಕ ಬೆನ್ನು ತುಳಿಸುವುದು, ಎಳೆಸುವುದು ಬೇಡವೇ ಬೇಡ. ಟೊಳ್ಳಾದ ಮಣಿ ಕುಸಿದುಬಿಡಬಹುದು.

ಕುಸಿದ ಮಣಿಯೋ ಬೆಳೆದ ಗಡ್ಡೆಯೋ ಬೆನ್ನುಹುರಿಯನ್ನು ಅದುಮಿದರೆ ಪರಿಸ್ಥಿತಿ ಬೇರೆಯೇ ಆಗುತ್ತದೆ. ಅಜ್ಜಿ ಒಂದು ಬೆಳಿಗ್ಗೆ ಸೊಸೆಗೆ, “ಕಾಲು ಯಾಕೋ ಭಾರ ಕಣವ್ವ, ಮೆಟ್ಲು ಹತ್ತಕ್ಕಾಗ್ತಿಲ್ಲ” ಅಂದರೆ ಅದನ್ನು ನಿಶ್ಶಕ್ತಿ ಎಂದುಕೊಳ್ಳಬಾರದು. ಕಾಲು ಜೋಮು ಹಿಡಿಯುವುದು, ಮೂತ್ರ ಕಟ್ಟುವುದು ಅಥವಾ ಅರಿವಿಲ್ಲದೆ ಹೋಗುವುದು, ಕೂರುವ ಭಾಗದಲ್ಲಿ ಸ್ಪರ್ಶ ತಿಳಿಯದಿರುವುದು ಕೂಡ ಇದೇ ಸಾಲಿನವು. ಇಂಥವರಿಗೆ 24 ಗಂಟೆಯೊಳಗೆ ಎಂಆರ್‌ಐ ಆಗಬೇಕೆಂದು ಬ್ರಿಟನ್ನಿನ ಮಾರ್ಗಸೂಚಿ ಹೇಳುತ್ತದೆ. ನೋವಷ್ಟೇ ಇದ್ದರೆ ಒಂದು ವಾರದೊಳಗೆ. ಹೆಚ್ಚಿನವರಲ್ಲಿ ನೋವು ಶುರುವಾಗಿ ಕಾಲು ಸೋಲುವುದಕ್ಕೆ ಹಲವು ವಾರಗಳ ಬಿಡುವು ಇರುತ್ತದೆ. ನಮ್ಮಲ್ಲಿ ಆ ವಾರಗಳು ಎಣ್ಣೆ ತಿಕ್ಕುವುದರಲ್ಲಿ, ಶಾಖ ಕೊಡುವುದರಲ್ಲಿ ಕಳೆದುಹೋಗುತ್ತವೆ ಎನ್ನುವುದು ನಿಜಕ್ಕೂ ಸಂಕಟದ ಸಂಗತಿ.

ಎಂಆರ್‌ಐಯಲ್ಲಿ ಕಲೆ ಕಂಡ ಮಾತ್ರಕ್ಕೆ ಕ್ಯಾನ್ಸರ್ ಎಂದು ತೀರ್ಮಾನಿಸುವಂತಿಲ್ಲ. ನಮ್ಮ ದೇಶದಲ್ಲಿ ಬೆನ್ನೆಲುಬಿನ ಕ್ಷಯವೂ ಇದೇ ರೀತಿ ತೂಕ ಇಳಿಸಿ ರಾತ್ರಿ ಕಾಡುತ್ತದೆ. ಕ್ಷಯ ಸಾಮಾನ್ಯವಾಗಿ ಮಣಿಗಳ ನಡುವಿನ ಡಿಸ್ಕನ್ನೂ ತಿನ್ನುತ್ತದೆ, ಕ್ಯಾನ್ಸರ್ ಹೆಚ್ಚಾಗಿ ಡಿಸ್ಕನ್ನು ಬಿಟ್ಟು ಮಣಿಯನ್ನು ಹಿಡಿಯುತ್ತದೆ. ಆದರೂ ಸಂದೇಹವಿದ್ದಲ್ಲಿ ಸೂಜಿಯಿಂದ ಚೂರು ತೆಗೆದು ಬಯಾಪ್ಸಿ ಮಾಡಲೇಬೇಕು. ಕ್ಷಯವೇ ಆಗಿದ್ದರೆ ತಿಂಗಳುಗಟ್ಟಲೆ ಗುಳಿಗೆ ನುಂಗಿ ಗುಣವಾಗಲು ಸಾಧ್ಯ.

ಹುರಿ ಅದುಮಿರುವುದು ಖಚಿತವಾದರೆ ಊತ ಇಳಿಸಲು ಡೆಕ್ಸಾಮೆಥಸೋನ್ ಕೊಡುತ್ತಾರೆ, ಬೆನ್ನಹಿಂದೆಯೇ ರೇಡಿಯೇಷನ್. ಅದುಮಿದ್ದು ಒಂದೇ ಕಡೆಯಾಗಿದ್ದು ರೋಗಿಗೆ ತಡೆದುಕೊಳ್ಳುವ ಶಕ್ತಿಯಿದ್ದರೆ ಮೊದಲು ಶಸ್ತ್ರಚಿಕಿತ್ಸೆ. 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಪ್ರಯೋಗದಲ್ಲಿ ಇಂಥ ಆಯ್ದ ರೋಗಿಗಳ ಪೈಕಿ ಎರಡೂ ಚಿಕಿತ್ಸೆ ಪಡೆದವರಲ್ಲಿ ಶೇ. 84ರಷ್ಟು, ರೇಡಿಯೇಷನ್ ಮಾತ್ರ ಪಡೆದವರಲ್ಲಿ ಶೇ. 57ರಷ್ಟು ಮಂದಿ ನಡೆಯಬಲ್ಲವರಾಗಿದ್ದರು. ಚಿಕಿತ್ಸೆ ಯಾವುದೇ ಇರಲಿ, ನಡೆದುಕೊಂಡು ಆಸ್ಪತ್ರೆಗೆ ಬಂದವರು ಬಹುಪಾಲು ನಡೆಯುತ್ತಲೇ ಇರುತ್ತಾರೆ. ಕಾಲು ಪೂರ್ತಿ ಸೋತು ಒಂದೆರಡು ದಿನ ಕಳೆದ ಮೇಲೆ ಬಂದವರಲ್ಲಿ ಮತ್ತೆ ಎದ್ದು ನಡೆಯುವವರು ಕೆಲವರು ಮಾತ್ರ.