ಒಂದು ಕಾರ್ಡು, ಮೂರು ತಾರೀಖು

ಮಂಗಳೂರಿನಿಂದ ಅಡುಗೆ ಅನಿಲ ತುಂಬಿಕೊಂಡು ಶಿರಾಡಿ ಘಾಟಿ ಹತ್ತುವ ಬುಲೆಟ್ ಟ್ಯಾಂಕರಿನ ಚಾಲಕರ ಜೇಬಿನಲ್ಲಿ ಒಂದೇ ಲೈಸೆನ್ಸ್ ಕಾರ್ಡು ಇರುತ್ತದೆ. ಆದರೆ ಅದರಲ್ಲಿ ಅವಧಿ ಮುಗಿಯುವ ತಾರೀಖು ಮೂರು. ಸ್ವಂತ ಬೈಕು, ಕಾರಿಗೆ ಒಂದು. ಲಾರಿಯಂಥ ಸಾರಿಗೆ ವಾಹನಕ್ಕೆ ಇನ್ನೊಂದು, ಅದು 5 ವರ್ಷದ್ದು. ಅಪಾಯಕಾರಿ ಸರಕು ಒಯ್ಯಲು ಮೂರನೆಯದು, 3 ವರ್ಷದ್ದು. ಮೊದಲೆಲ್ಲ ಅವಧಿ ಮುಗಿದ ಮೇಲೂ 30 ದಿನದ ರಿಯಾಯಿತಿ ಇತ್ತು. 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿ ಅದನ್ನು ತೆಗೆದುಹಾಕಿತು. ತಾರೀಖು ದಾಟಿದ ಮರುದಿನ ಆ ಚಾಲಕರು ಟ್ಯಾಂಕರ್ ಮುಟ್ಟುವಂತಿಲ್ಲ. ಮುಟ್ಟಿ ಅಪಘಾತವಾದರೆ, ವಿಮಾ ಕಂಪನಿ ಗಾಯಾಳುಗಳಿಗೆ ಕೊಟ್ಟ ಪರಿಹಾರವನ್ನು ಮಾಲೀಕರಿಂದ ವಸೂಲಿ ಮಾಡಲು ಹೊರಡಬಹುದು.

ಇನ್ನೂರು ಮುನ್ನೂರು ಚಾಲಕರಿರುವ ಸಾರಿಗೆ ಕಂಪನಿಯಲ್ಲಿ ಇದನ್ನು ನೆನಪಿಟ್ಟುಕೊಳ್ಳುವುದು ಯಾರ ತಲೆಗೂ ಆಗದ ಕೆಲಸ. ಅದಕ್ಕೇ ಕಂಪ್ಯೂಟರಿಗೆ ಒಂದು ನಿತ್ಯದ ಕೆಲಸ ಒಪ್ಪಿಸುತ್ತಾರೆ. ಬೆಳಿಗ್ಗೆ 6 ಗಂಟೆಗೆ ಅದು ತಾನೇ ಎದ್ದು, ಎಲ್ಲರ ತಾರೀಖುಗಳನ್ನು ಓದಿ, ಎಷ್ಟು ದಿನ ಉಳಿದಿದೆ ಎಂದು ಲೆಕ್ಕಹಾಕುತ್ತದೆ. 90, 60, 30, 7 ದಿನ ಇರುವಾಗ ಚಾಲಕರಿಗೂ ಎಚ್‌ಆರ್ ವಿಭಾಗಕ್ಕೂ ಸಂದೇಶ ಹೋಗುತ್ತದೆ. ಕೇಳಲು ಸರಳ. ಎಡವಟ್ಟಾಗುವುದು ಎಲ್ಲಿ ಎಂಬುದನ್ನು ಒಂದು ಉದಾಹರಣೆಯಲ್ಲೇ ನೋಡೋಣ.

ಚಾಲಕರೊಬ್ಬರ ಅಪಾಯಕಾರಿ ಸರಕಿನ ಅನುಮತಿ 2025ರ ಆಗಸ್ಟ್ 14ಕ್ಕೆ ಮುಗಿಯುತ್ತದೆ ಎಂದಿಟ್ಟುಕೊಳ್ಳಿ. ಸ್ವಂತ ವಾಹನದ ಲೈಸೆನ್ಸು ಮಾತ್ರ 2034ರವರೆಗೂ ಇದೆ. ಕೆಲಸಕ್ಕೆ ಸೇರಿದ ದಿನ ಎಚ್‌ಆರ್ ಗುಮಾಸ್ತರು ಕಾರ್ಡಿನಲ್ಲಿ ಮೊದಲು ಕಣ್ಣಿಗೆ ಬಿದ್ದ 2034ನ್ನೇ ದಾಖಲಿಸಿದರೆ ಮುಂದಿನದೆಲ್ಲ ವ್ಯರ್ಥ. ಕಂಪ್ಯೂಟರು ಒಂಬತ್ತು ವರ್ಷ ನೆಮ್ಮದಿಯಾಗಿ ಸುಮ್ಮನಿರುತ್ತದೆ. ನನ್ನ ಮಟ್ಟಿಗೆ ಈ ವ್ಯವಸ್ಥೆಯ ಅತಿ ದೊಡ್ಡ ದೋಷ ಇದೇ. ದಾಖಲೆಯಲ್ಲಿ 'ಲೈಸೆನ್ಸ್ ಮುಗಿಯುವ ದಿನ' ಎಂಬ ಒಂದೇ ಖಾನೆ ಇರಬಾರದು, ಮೂರಕ್ಕೂ ಬೇರೆ ಬೇರೆ ಖಾನೆ ಇರಬೇಕು. ಒಬ್ಬರು ತುಂಬಿದ್ದನ್ನು ಇನ್ನೊಬ್ಬರು ಕಾರ್ಡು ಎದುರಿಗಿಟ್ಟುಕೊಂಡು ತಾಳೆ ನೋಡಬೇಕು.

ತಾರೀಖು ಸರಿಯಾಗಿಯೇ ಇದೆ ಎನ್ನೋಣ. 90 ದಿನದ ಸಂದೇಶ ಮೇ 16ರಂದು ಹೋಯಿತು. 60 ದಿನದ್ದು ಜೂನ್ 15ಕ್ಕೆ ಹೋಗಬೇಕು. ಅಂದು ಭಾನುವಾರ, ಕರೆಂಟು ಹೋಗಿ ಆಫೀಸಿನ ಕಂಪ್ಯೂಟರು ಆರಿತ್ತು. ಸೋಮವಾರ ಅದು ಎದ್ದಾಗ ಉಳಿದ ದಿನ 59. ಪ್ರೋಗ್ರಾಮಿನಲ್ಲಿ `days_left = 60` ಎಂದು ಬರೆದಿದ್ದರೆ 59 ಅದಕ್ಕೆ ಹೊಂದುವುದಿಲ್ಲ, ಆ ಸಂದೇಶ ಹೋಗುವುದೇ ಇಲ್ಲ. ತಪ್ಪಿತೆಂದು ಯಾರಿಗೂ ತಿಳಿಯುವುದೂ ಇಲ್ಲ. `days_left <= 60` ಎಂದು ಬರೆದು, ಯಾರಿಗೆ ಯಾವ ಹಂತದ ಸಂದೇಶ ಹೋಗಿದೆ ಎಂಬುದನ್ನು ಜೊತೆಗೇ ಬರೆದಿಟ್ಟುಕೊಂಡರೆ, ಭಾನುವಾರದ್ದು ಸೋಮವಾರ ಹೋಗುತ್ತದೆ. ಆ ಪಟ್ಟಿ ಇಲ್ಲದಿದ್ದರೆ ದಿನಾ ಅದೇ ಸಂದೇಶ ಬರುತ್ತದೆ. ವಾರದೊಳಗೆ ಜನ ಅದನ್ನು ಓದುವುದನ್ನೇ ಬಿಡುತ್ತಾರೆ.

90 ದಿನ ಅತಿಯಾಯಿತು ಎನ್ನುವವರಿದ್ದಾರೆ. ಚಾಲಕರ ಬದುಕು ನೋಡಿದರೆ ಹಾಗೆನ್ನಿಸದು. ಅಪಾಯಕಾರಿ ಸರಕಿನ ನವೀಕರಣಕ್ಕೆ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಪುನರ್‌ತರಬೇತಿ ಬೇಕು, ವೈದ್ಯರ ಪ್ರಮಾಣಪತ್ರ ಬೇಕು, ಆಮೇಲೆ ಆರ್‌ಟಿಒ ಕೆಲಸ. ಇವಕ್ಕೆಲ್ಲ ಊರಿನಲ್ಲಿರಬೇಕು, ಆದರೆ ಅವರು ತಿಂಗಳಲ್ಲಿ ಎಷ್ಟೋ ದಿನ ಹೆದ್ದಾರಿಯಲ್ಲಿ. ರಜೆ ಕೊಡುವವರು ಟ್ರಿಪ್ ಹಂಚುವ ಮೇಲ್ವಿಚಾರಕರು. ಹಾಗಾಗಿ 30 ದಿನದ ಸಂದೇಶ ಅವರಿಗೂ ಹೋಗಲೇಬೇಕು. ಚಾಲಕರಿಗೆ ಇ-ಮೇಲ್ ಕಳಿಸಿ ಕೈತೊಳೆದುಕೊಂಡರೆ ಆಗದು. ಕನ್ನಡದಲ್ಲೊಂದು ಎಸ್‌ಎಂಎಸ್ ಬರಲಿ: 'ನಿಮ್ಮ ಗ್ಯಾಸ್ ಟ್ಯಾಂಕರ್ ಅನುಮತಿ ಆಗಸ್ಟ್ 14ಕ್ಕೆ ಮುಗಿಯುತ್ತದೆ. ತರಬೇತಿಗೆ ಯಾವ ದಿನ ಹೋಗುತ್ತೀರಿ, ಆಫೀಸಿಗೆ ತಿಳಿಸಿ.' ಒಂದು ವಾರ ಮಾತ್ರ ಉಳಿದಾಗ ಸಂದೇಶ ಸಾಲದು, ಎಚ್‌ಆರ್‌ನವರೇ ಫೋನ್ ಮಾಡಬೇಕು. ಆಗಸ್ಟ್ 15ರಿಂದ ಟ್ರಿಪ್ ಪಟ್ಟಿಯಲ್ಲಿ ಆ ಹೆಸರು ಟ್ಯಾಂಕರಿಗೆ ಸಿಗಲೇಬಾರದು. ನವೀಕರಣಕ್ಕೆ ಅವಧಿ ಮುಗಿದು ಒಂದು ವರ್ಷದವರೆಗೆ ಅರ್ಜಿ ಹಾಕಬಹುದು ನಿಜ, ಅದು ಅರ್ಜಿಗೆ ಕೊಟ್ಟ ಸಮಯವೇ ಹೊರತು ಓಡಿಸಲು ಕೊಟ್ಟ ಅನುಮತಿಯಲ್ಲ. ವರ್ಷವೂ ದಾಟಿದರೆ ಹೊಸಬರಂತೆ ಮತ್ತೆ ಪರೀಕ್ಷೆ ಕೊಡಬೇಕಾಗುತ್ತದೆ.

ಇನ್ನೊಂದು ಮಾತು. ಬೆಳಿಗ್ಗೆ ಎಚ್‌ಆರ್ ಪೆಟ್ಟಿಗೆಗೆ ಯಾವ ಸಂದೇಶವೂ ಬಾರದಿದ್ದರೆ, ಇಂದು ಯಾರದ್ದೂ ಮುಗಿಯುತ್ತಿಲ್ಲ ಎಂದೂ ಆಗಬಹುದು, ಪ್ರೋಗ್ರಾಮು ನಿಂತುಹೋಗಿದೆ ಎಂದೂ ಆಗಬಹುದು. ಆದ್ದರಿಂದ ಏನೂ ಇಲ್ಲದ ದಿನವೂ 'ಇಂದು 240 ಜನರ ದಾಖಲೆ ನೋಡಲಾಯಿತು, ಯಾರಿಗೂ ಸೂಚನೆ ಇಲ್ಲ' ಎಂಬ ಒಂದು ಸಾಲು ಬರುವಂತೆ ಮಾಡಿಸಿ. ಆ ಸಾಲು ಬಾರದ ದಿನ ವಿಚಾರಿಸಿ.

ನೀವು ಇಂಥ ಕಂಪನಿಯಲ್ಲಿ ಚಾಲಕರಾಗಿದ್ದರೆ, ನಾಳೆ ಆಫೀಸಿಗೆ ಹೋದಾಗ ನಿಮ್ಮ ಹೆಸರಿನ ಮುಂದೆ ಯಾವ ತಾರೀಖು ಬರೆದಿದ್ದಾರೆ ಎಂದು ಕೇಳಿ, ಕಾರ್ಡಿನ ಮೂರನೆಯ ತಾರೀಖಿನ ಜೊತೆ ಹೋಲಿಸಿ ನೋಡಿ.